ಮುಖ ಮೇಲಿಟ್ಟ ಕಾರ್ಡು

ನಾವು ಫೋಟೋ ತೆಗೆಯಬೇಕಾದ ಮದುವೆಯ ಹಿಂದಿನ ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಇರುವುದಿಲ್ಲ. ಹಳೆಯ ಹೊದಿಕೆಯೊಂದನ್ನು ಹಾಸಿ ಕ್ಯಾಮೆರಾ, ಲೆನ್ಸು, ಬ್ಯಾಟರಿ, ಫ್ಲಾಶುಗಳನ್ನೆಲ್ಲ ಸಾಲಾಗಿ ಮಲಗಿಸುತ್ತೇವೆ. ನಾವು ತಟ್ಟೆ ಹಿಡಿದು ನೆಲದ ಮೇಲೆ ಕೂರುತ್ತೇವೆ. ಊಟವಾದ ಮೇಲೆ ನನ್ನ ಗಂಡ ಪಟ್ಟಿ ಓದುತ್ತಾರೆ, ನಾನು ಒಂದೊಂದರ ಮೇಲೂ ಕೈಯಿಟ್ಟು 'ಇದೆ' ಅನ್ನುತ್ತೇನೆ. ಕಣ್ಣಲ್ಲಿ ನೋಡಿ 'ಇದೆ' ಅನ್ನುವಂತಿಲ್ಲ, ಕೈ ತಾಗಬೇಕು. ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎನ್ನುವುದು ಅವರ ಸಿದ್ಧಾಂತ. ಫೋಟೋಗ್ರಾಫರ್ ಬಾಯಲ್ಲಿ ಬರಬಾರದ ಮಾತು, ಆದರೂ ನಿಜ.

ಈ ಸಲ ಅವರಿಗೆ ಬೆನ್ನು ಹಿಡಿದಿತ್ತು. ಪಕ್ಕದ ಕೋಣೆಯಲ್ಲಿ ಗಟ್ಟಿ ಚಾಪೆಯ ಮೇಲೆ ಅಂಗಾತ ಮಲಗಿ, ಪಟ್ಟಿಯನ್ನು ಮುಖದ ಮೇಲೆ ಎತ್ತಿ ಹಿಡಿದು ಕೂಗುತ್ತಿದ್ದರು. ಮುಟ್ಟುವ ಕೆಲಸ, ನಾಳೆ ಅವರ ಬದಲು ಫೋಟೋ ತೆಗೆಯುವ ಕೆಲಸ, ಎರಡೂ ನನ್ನ ಮೈದುನನದು. ಅವನನ್ನು ನಾವೆಲ್ಲ ಕರೆಯುವುದು ಪೇಪರ್ ಎಂದು. ದಿನಪತ್ರಿಕೆಯೊಂದರಲ್ಲಿ ಫೋಟೋ ತೆಗೆಯುತ್ತಿದ್ದ. ಪತ್ರಿಕೆ ಮುಚ್ಚಿತು, ಹೆಸರು ಉಳಿಯಿತು.

"ಬ್ಯಾಟರಿ!" ಒಳಗಿನಿಂದ ದನಿ ಬಂತು.

"ಇದೆ."

"ಇದೆ ಅಂದ್ರೆ? ಚಾರ್ಜ್ ಆಗಿದ್ಯಾ?"

"ಮುಚ್ಚಳ ಇರೋದು ತುಂಬಿರೋದು, ಇಲ್ದೇ ಇರೋದು ಖಾಲಿ. ಪಟ್ಟೀಲಿ ನೀನೇ ಬರ್ದಿದೀಯಲ್ಲಣ್ಣ. ಎಲ್ಲದಕ್ಕೂ ಮುಚ್ಚಳ ಇದೆ."

"ಮುಚ್ಚಳ ಯಾರು ಬೇಕಾದ್ರೂ ಹಾಕ್ಬೋದು. ಒಂದೊಂದನ್ನೂ ಕ್ಯಾಮೆರಾಗೆ ಹಾಕಿ ನೋಡು."

"ಅಣ್ಣಾ, ತಲೆ ಮೇಲೆ ಕಲ್ಲು ಬೀಳ್ತಿರುವಾಗ ಬ್ಯಾಟರಿ ಬದಲಾಯಿಸಿದೋನು ನಾನು."

"ಮದುವೇಲಿ ಕಲ್ಲು ಬೀಳಲ್ಲ, ನೆಂಟರು ಇರ್ತಾರೆ. ಹಾಕಿ ನೋಡು."

ಪೇಪರ್ ನನ್ನ ಮುಖ ನೋಡಿ ಹುಬ್ಬು ಹಾರಿಸಿದ. ಆದರೆ ಒಂದೊಂದನ್ನೂ ಹಾಕಿ ನೋಡಿದ. ಹಳೆಯದೊಂದು ತುಂಬಿದ್ದೇನೆಂದು ತೋರಿಸಿ ಮರುಕ್ಷಣವೇ ಅರ್ಧಕ್ಕಿಳಿಯಿತು. ಅದನ್ನು ಬದಿಗಿಟ್ಟು, ಅಣ್ಣನಿಗೆ ಗೆದ್ದ ಖುಷಿ ಸಿಗಬಾರದೆಂದು ಏನೂ ಹೇಳಲಿಲ್ಲ.

ಲೆನ್ಸುಗಳ ಸರದಿ ಬಂತು. ಮೂವತ್ತೈದು, ಎಂಬತ್ತೈದು, ದೂರಕ್ಕೆ ಎಪ್ಪತ್ತು-ಇನ್ನೂರು. ಮುಂದಿನ ಗಾಜು, ಹಿಂದಿನ ಗಾಜು, ಎರಡೂ ಕಡೆಯ ಮುಚ್ಚಳ. ಫ್ಲಾಶಿನ ಸೆಲ್ಲು. ಬದಲಿ ಕ್ಯಾಮೆರಾ: ಇದು ನನ್ನ ಗಂಡನದೇ. ಪೇಪರ್ ತನ್ನ ಸ್ವಂತದ್ದನ್ನು ತಂದಿದ್ದ. ಬೇರೆಯವರ ಕ್ಯಾಮೆರಾ ಬೇರೆಯವರ ಚಪ್ಪಲಿಯಂತೆ, ನಡೆಯಬಹುದು, ಓಡಲಾಗುವುದಿಲ್ಲ ಎಂದಿದ್ದ.

"ಮೆಮೊರಿ ಕಾರ್ಡು. ಹಳೇ ಮದುವೇದೆಲ್ಲ ಎರಡು ಡಿಸ್ಕಿಗೂ ಕಾಪಿ ಆಗಿದ್ಯಾ?"

"ಆಗಿದೆ," ನಾನು ಅಂದೆ. ಅದು ನನ್ನ ಕೆಲಸ.

"ಪ್ರತಿ ಕ್ಯಾಮೆರಾದಲ್ಲೂ ಎರಡು ಸ್ಲಾಟಿಗೂ ಕಾರ್ಡು?"

ಪೇಪರ್ ತನ್ನ ಕ್ಯಾಮೆರಾದ ಪುಟ್ಟ ಬಾಗಿಲು ತೆರೆದ. ಒಂದು ಕಾರ್ಡಿನ ಮೇಲೆ ತೋರುಬೆರಳು, ಇನ್ನೊಂದರ ಮೇಲೆ ನಡುಬೆರಳು ಇಟ್ಟ. "ಇದೆ."

ಅಲ್ಲಿಗೆ ಪಟ್ಟಿ ಮುಗಿಯಿತು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ.

*

ಮದುಮಗಳು ಹಲ್ಲಿನ ಡಾಕ್ಟರು. ಹೆಚ್ಚು ಮಾತಿನವಳಲ್ಲ, ಇತರರ ಬಾಯಿ ತೆರೆಸಿ ತೆರೆಸಿ ತನ್ನದನ್ನು ಮುಚ್ಚಿಕೊಳ್ಳುವ ಅಭ್ಯಾಸವಾಗಿತ್ತೇನೋ. ನಮ್ಮನ್ನು ಗೊತ್ತು ಮಾಡಲು ಬಂದಾಗ ಒಂದೇ ಒಂದು ಬೇಡಿಕೆ ಇಟ್ಟಿದ್ದಳು.

"ಅಕ್ಕಾ, ಸ್ಟೇಜಿಂದು ಹೇಗಾದ್ರೂ ಬರ್ಲಿ. ನಮ್ಮಜ್ಜಿದು ಮಾತ್ರ ಚೆನ್ನಾಗಿ ಬೇಕು."

ಅಜ್ಜಿ ಮದುವೆಯ ಹಾಲಿಗೆ ಬರುವಂತಿರಲಿಲ್ಲ. ಎರಡನೇ ಮಹಡಿಯ ಮನೆ, ಮೆಟ್ಟಿಲು ಇಳಿಯಲಾಗದ ಮಂಡಿ. ಎತ್ತಿಕೊಂಡು ಹೋಗುತ್ತೇವೆಂದರೆ 'ನಾನೇನು ಬೀರುವಾ?' ಎಂದಿದ್ದರಂತೆ. ಅದಕ್ಕೇ ಮೊಮ್ಮಗಳೇ ಬೆಳಿಗ್ಗೆ ಅಲ್ಲಿಗೆ ಹೋಗುವುದು, ಅಜ್ಜಿ ತನ್ನ ಕೈಯಾರೆ ಓಲೆ ತೊಡಿಸುವುದು, ಅಲ್ಲಿಂದ ಹಾಲಿಗೆ ಬರುವುದು ಎಂದಾಗಿತ್ತು. ತಾಯಿ ಇಲ್ಲದ ಹುಡುಗಿ, ಅಜ್ಜಿಯೇ ಬೆಳೆಸಿದ್ದು. ಇದನ್ನು ಅವಳು ಹೇಳಲಿಲ್ಲ, ನಾನು ಆಮೇಲೆ ಮದುಮಗನಿಂದ ತಿಳಿದುಕೊಂಡೆ.

ನಾನು ಹಾಲಿನಲ್ಲಿ ದೀಪ ಜೋಡಿಸಬೇಕಿತ್ತು. ಅಜ್ಜಿಯ ಮನೆಗೆ ಪೇಪರ್ ಹೋದ. ಅವನ ಕ್ಯಾಮೆರಾಕ್ಕೆ ಕತ್ತಲ ಕೋಣೆಯಲ್ಲಿ ಒಳ್ಳೆಯ ಕಣ್ಣು. ಬೈಕಿನಲ್ಲಿ ವಾಪಸ್ ಬಂದವನೇ ನಾನಿದ್ದ ಏಣಿಯ ಕೆಳಗೆ ನಿಂತ.

"ಅತ್ತಿಗೇ, ಎಂಥಾ ಅಜ್ಜಿ ಮಾರಾಯ್ರೇ! ಓಲೆ ಹಾಕೋಕೆ ಕಿವಿ ತೂತೇ ಸಿಗ್ತಿರ್ಲಿಲ್ಲ, ಕೈ ನಡುಗ್ತಿತ್ತು. ನಾನು ನೆಲದ ಮೇಲೆ ಮಲಗಿ ತೆಗ್ದೆ. ಅಜ್ಜಿ ನನ್ನ ಕಡೆ ನೋಡಿ 'ಇವ್ನಿಗೇನಾಯ್ತು, ತಲೆ ತಿರುಗ್ತಾ' ಅಂತಾರೆ."

"ಬಂತಾ?"

"ಬಂತಾ ಅಂದ್ರೆ! ಇಷ್ಟು ವರ್ಷದಲ್ಲಿ ಅಂಥದ್ದೊಂದು ತೆಗ್ದಿಲ್ಲ."

ಒಂದೊಂದು ಭಾಗ ಮುಗಿದಾಗಲೂ ಕಾರ್ಡು ಬದಲಿಸಬೇಕು, ತೆಗೆದ ಕಾರ್ಡು ನನ್ನ ಸೊಂಟದ ಚೀಲಕ್ಕೆ ಬರಬೇಕು ಎನ್ನುವುದು ಪಟ್ಟಿಯ ನಿಯಮ. ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಡಬಾರದು, ಇಟ್ಟ ಬುಟ್ಟಿ ಬೀದಿಯಲ್ಲಿ ಬಿಡಬಾರದು. ನನ್ನೆರಡೂ ಕೈ ಮೇಲಿದ್ದವು, ಬಾಯಲ್ಲಿ ಟೇಪಿತ್ತು. ಪೇಪರ್ ಚೀಲದ ಜಿಪ್ಪು ಎಳೆದು, ಒಳಗಿನ ಮಡಿಕೆಯಲ್ಲಿ ಕಾರ್ಡು ಸಿಕ್ಕಿಸಿ, ಮತ್ತೆ ಮುಚ್ಚಿದ್ದು ಗೊತ್ತಾಯಿತು. ತನ್ನ ಜೇಬಿನಿಂದ ಹೊಸದೊಂದನ್ನು ಕ್ಯಾಮೆರಾಗೆ ಹಾಕಿಕೊಂಡು ಬಾಗಿಲ ಕಡೆ ಹೋದ.

ಮದುಮಗಳು ಬಂದಳು. ಅವಳು ಸಿಂಗರಿಸಿಕೊಳ್ಳುವುದನ್ನು ನಾನು ತೆಗೆದೆ. ಓಲೆಗಳು ಹಳೆಯ ಕಾಲದವು, ತೂಕದವು. ಅವಳು ಪದೇ ಪದೇ ಅವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಮುಖ್ಯ ಹೊತ್ತು. ಉಂಗುರ ಬದಲಿಸುವ ಮುಂಚೆ ನನ್ನ ಕ್ಯಾಮೆರಾದ ಕಾರ್ಡುಗಳನ್ನು ತೆಗೆದು ಚೀಲದಲ್ಲಿಟ್ಟೆ, ಅಲ್ಲಿಂದಲೇ ಹೊಸ ಜೋಡಿ ಎತ್ತಿಕೊಂಡೆ, ಎರಡನ್ನೂ ಹಾಕಿದೆ, ಎರಡನ್ನೂ ಫಾರ್ಮ್ಯಾಟ್ ಮಾಡಿದೆ. 'ಎಲ್ಲ ಅಳಿಸಿಹೋಗುತ್ತದೆ, ಸರಿಯೇ?' ಎಂದು ಕ್ಯಾಮೆರಾ ಕೇಳುತ್ತದೆ. ಸಾವಿರಾರು ಸಲ ಕೇಳಿಸಿಕೊಂಡ ಪ್ರಶ್ನೆ. ಹೆಬ್ಬೆರಳು ತಾನಾಗಿಯೇ 'ಸರಿ' ಅಂದಿತು.

*

ಮಧ್ಯಾಹ್ನ ಎಲ್ಲ ಊಟಕ್ಕೆ ಹೋದರು. ಸಂಜೆಯ ಕೂಟದವರೆಗೆ ಬಿಡುವು. ಹಾಲಿನ ಹಿಂದೆ ಕುರ್ಚಿ ಪೇರಿಸಿಡುವ ಕೋಣೆಯಲ್ಲಿ ಪ್ಲಗ್ಗು ಹುಡುಕಿ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದೆವು. ಪೇಪರ್ ಎರಡು ತಟ್ಟೆ ತಂದ. ತಿನ್ನುತ್ತಲೇ ನಾನು ಕಾರ್ಡು ಎಣಿಸತೊಡಗಿದೆ. ಬಿಡುವಿನಲ್ಲಿ ಎಣಿಸುವುದೂ ಪಟ್ಟಿಯಲ್ಲಿದೆ.

"ಅಜ್ಜೀದು ಯಾವ ನಂಬರು?"

"ಏಳು."

ತಿರುಗಿಸಿಟ್ಟ ಕಾರ್ಡುಗಳನ್ನೆಲ್ಲ ನೋಡಿದೆ. ಏಳು ಇರಲಿಲ್ಲ.

"ಚೀಲದಲ್ಲೇ ಹಾಕ್ದೆ ಅತ್ತಿಗೆ. ಮೊದಲ್ನೇ ಮಡಿಕೇಲಿ. ಎದ್ದು ಕಾಣ್ಲಿ ಅಂತ ನಂಬರ್ ಮೇಲೆ ಮಾಡಿ ಇಟ್ಟೆ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ನಮ್ಮ ಮನೆಯಲ್ಲಿ ನಂಬರು ಕಾಣುವಂತೆ ಇಟ್ಟ ಕಾರ್ಡು ಖಾಲಿ, ಬಳಸಲು ತಯಾರು. ತೆಗೆದಾದ ಮೇಲೆ ಮುಖ ಕೆಳಗೆ ಮಾಡಿ ಮಲಗಿಸುತ್ತೇವೆ: ಇವರ ಕೆಲಸ ಮುಗಿಯಿತು, ನಿದ್ದೆ ಮಾಡಲಿ ಎಂಬಂತೆ. ಇದು ಪಟ್ಟಿಯಲ್ಲಿರಲಿಲ್ಲ. ಗಂಡ ಹೆಂಡತಿ ಯಾರು ಮಂಚದ ಯಾವ ಮಗ್ಗುಲು ಎಂದು ಬರೆದಿಟ್ಟುಕೊಳ್ಳುತ್ತಾರೆಯೇ?

ಪತ್ರಿಕೆಯಲ್ಲಿ ಅದು ತಿರುವುಮುರುವು. ಓಡಿಬಂದವನು ಫೋಟೋ ಇರುವ ಕಾರ್ಡನ್ನು ನಂಬರು ಕಾಣುವಂತೆ ಮೇಜಿನ ಮೇಲಿಡುತ್ತಾನೆ, ಕಾದು ಕೂತವನು ಎತ್ತಿಕೊಳ್ಳುತ್ತಾನೆ. ಖಾಲಿಯದಕ್ಕೆ ಅಲ್ಲಿ ಮುಖವಿಲ್ಲ.

ನನ್ನ ಕ್ಯಾಮೆರಾದ ಬಾಗಿಲು ತೆರೆದೆ. ಮೊದಲ ಸ್ಲಾಟಿನಲ್ಲಿ ಏಳು ಇತ್ತು. ಅದರಲ್ಲಿ ಈಗ ಉಂಗುರ, ಚಪ್ಪಾಳೆ, ಮಾವನ ಭಾಷಣ, ಭಾಷಣಕ್ಕೆ ಆಕಳಿಸುತ್ತಿದ್ದ ಸೋದರಮಾವ, ಎಲ್ಲರೂ ಇದ್ದರು.

ಆದರೂ ಭಯವಾಗಲಿಲ್ಲ, ಇಂಥ ದಿನಕ್ಕೇ ಎರಡು ಸ್ಲಾಟು.

"ನಿನ್ನ ಎರಡ್ನೇ ಕಾರ್ಡು ಕೊಡು. ಅದ್ರಲ್ಲಿ ಕಾಪಿ ಇರುತ್ತಲ್ಲ."

ಪೇಪರ್ ತನ್ನ ಕ್ಯಾಮೆರಾ ಎತ್ತಿಕೊಂಡ. ಬಾಗಿಲು ತೆರೆದ, ಎರಡನೆಯದನ್ನು ಹೊರಗೆಳೆದ, ಅಂಗೈ ಮೇಲಿಟ್ಟುಕೊಂಡ.

"ಇದು ಖಾಲಿ ಅತ್ತಿಗೆ."

"ಎರಡಕ್ಕೂ ಬರೀಬೇಕಲ್ಲ!"

"ನಂದು ಹಾಗಲ್ಲ. ಮೊದಲ್ನೇದು ತುಂಬಿದ್ಮೇಲೆ ಎರಡ್ನೇದಕ್ಕೆ ಹೋಗೋ ಹಾಗೆ ಇಟ್ಕೊಂಡಿದೀನಿ. ಗಲಾಟೆ ಮಧ್ಯೆ ಕಾರ್ಡು ಬದಲಾಯ್ಸೋಕೆ ಆಗಲ್ವಲ್ಲ, ಅದಕ್ಕೆ." ಅವನ ದನಿ ಇಳಿಯಿತು. "ಎರಡೂ ಸ್ಲಾಟಲ್ಲಿ ಕಾರ್ಡಿದ್ಯಾ ಅಂತ ಕೇಳಿದ್ರು. ಇತ್ತು."

ಬೆಳಿಗ್ಗೆ ನನ್ನ ಚೀಲಕ್ಕೆ ಜೋಡಿ ಬರಬೇಕಿದ್ದಲ್ಲಿ ಒಂಟಿ ಕಾರ್ಡು ಬಂದಿತ್ತು. ಕೈ ಖಾಲಿ ಇದ್ದಿದ್ದರೆ ಕೇಳುತ್ತಿದ್ದೆನೋ ಏನೋ.

ನನ್ನ ಗಂಡನಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮೊದ್ಲು ಆ ಕಾರ್ಡು ಹೊರಗೆ ತೆಗಿ. ಇನ್ನೊಂದು ಫೋಟೋನೂ ತೆಗೀಬೇಡ ಅದ್ರಲ್ಲಿ."

"ತೆಗ್ದೆ. ಉಂಗುರದ್ದೆಲ್ಲ ನನ್ನ ಎರಡನೇ ಕಾರ್ಡಲ್ಲೂ ಇದೆ. ಏಳನ್ನ ಬೇರೆ ಎತ್ತಿಡ್ತೀನಿ. ಬರೀ ಫಾರ್ಮ್ಯಾಟ್ ಆಗಿದ್ರೆ ವಾಪಸ್ ತೆಗೀಬೋದು ಅಲ್ವೇನ್ರೀ?"

"ಬರೀ ಫಾರ್ಮ್ಯಾಟ್ ಆಗಿದ್ರೆ ಬರ್ತಿತ್ತು. ಅದು ಅಳ್ಸೋದು ಬರೀ ಯಾವ್ಯಾವುದು ಎಲ್ಲೆಲ್ಲಿದೆ ಅನ್ನೋ ಪಟ್ಟೀನ. ಆದ್ರೆ ನೀನು ಅದರ ಮೇಲೇ ಬೇರೆ ಫೋಟೋ ತೆಗ್ದಿದೀಯಲ್ಲ ಕಣೇ. ಹೊಸದು ಸಾಮಾನ್ಯವಾಗಿ ಮೊದಲಿಂದ ಕೂರ್ತಾ ಬರುತ್ತೆ. ಅಜ್ಜೀನೂ ಮೊದಲಲ್ಲೇ ಇದ್ದಿದ್ದು. ಅದೆಷ್ಟು, ಇದೆಷ್ಟು?"

"ಅದು ಸ್ವಲ್ಪ. ಇದು ಅದರ ಹತ್ತರಷ್ಟು."

"ಮನೆಗೆ ತಂದ್ಮೇಲೆ ಪ್ರೋಗ್ರಾಮ್ ಹಾಕಿ ನೋಡೋಣ," ಅಂದರು. "ಆಸೆ ಮಾತ್ರ ಇಟ್ಕೋಬೇಡ."

ಪೇಪರ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟ. "ಮದುಮಗಳಿಗೆ ನಾನೇ ಹೇಳ್ತೀನಿ. ನಂದೇ ತಪ್ಪು."

"ಫಾರ್ಮ್ಯಾಟ್ ಒತ್ತಿದ್ದು ನನ್ನ ಹೆಬ್ಬೆಟ್ಟು. ಒತ್ತೋ ಮುಂಚೆ ಒಂದ್ಸಲ ಪ್ಲೇ ಒತ್ತಿ ನೋಡೋಕೆ ನನ್ನ ಕೈ ಏನು ಸವೀತಿತ್ತಾ?"

"ಹಾಗಾದ್ರೆ ಇಬ್ರೂ ಹೋಗೋಣ."

"ನೀನು ಬಂದ್ರೆ ಅವಳು ನಿನ್ನನ್ನ ಸಮಾಧಾನ ಮಾಡ್ಬೇಕಾಗುತ್ತೆ. ಮುಖ ನೋಡ್ಕೋ. ಇಲ್ಲೇ ಇರು."

ಸಂಜೆಯ ನಂತರ ಹೇಳಬಹುದಿತ್ತು. ಅವಳ ದಿನ ಹಾಳಾಗುತ್ತಿರಲಿಲ್ಲ. ಒಂದು ವಾರ ಬಿಟ್ಟು, ಪ್ರಯತ್ನಿಸಿದೆವು ಬರಲಿಲ್ಲ ಎಂದೂ ಹೇಳಬಹುದಿತ್ತು. ಕಾರ್ಡು ಕೆಟ್ಟಿತು ಅಂದರೆ ಯಾರು ಕೇಳುತ್ತಾರೆ, ಕಾರ್ಡುಗಳು ಕೆಡುತ್ತಲೇ ಇರುತ್ತವೆ. ಆದರೆ ಈಗ ಹೇಳಿದರೆ ಮಾತ್ರ ಅವಳ ಕೈಯಲ್ಲಿ ಒಂದು ಮಧ್ಯಾಹ್ನ ಉಳಿಯುತ್ತಿತ್ತು, ಮೈಮೇಲೆ ಅದೇ ಬಟ್ಟೆ, ಕಿವಿಯಲ್ಲಿ ಅದೇ ಓಲೆ.

*

ಮದುಮಗಳು ಸಿಂಗಾರದ ಕೋಣೆಯಲ್ಲಿ ಚಪ್ಪಲಿ ಬಿಚ್ಚಿ, ಕಾಲು ಕುರ್ಚಿಯ ಮೇಲೆ ಚಾಚಿ ಕೂತಿದ್ದಳು. ಮದುಮಗ ಅವಳ ಬೀಸಣಿಗೆಯಿಂದ ತನಗೇ ಗಾಳಿ ಹಾಕಿಕೊಳ್ಳುತ್ತಿದ್ದ. ಸುತ್ತಿಬಳಸದೆ ಹೇಳಿದೆ. ಅಜ್ಜಿಯ ಫೋಟೋಗಳು ಹೋಗಿವೆ, ಅಳಿಸಿದ್ದು ನಾನು, ಬರುವ ಭರವಸೆಯಿಲ್ಲ.

ಅವಳು ಎಡ ಓಲೆಯನ್ನು ಮುಟ್ಟಿಕೊಂಡಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು, ನೇರವಾಗಿ ನೋಡಲಿಲ್ಲ.

"ಎಲ್ಲಾನೂ?"

"ಎಲ್ಲಾನೂ."

"ಅದೊಂದೇ ಕೇಳಿದ್ದೆ ಅಕ್ಕಾ ನಾನು."

ಮದುಮಗ ಬೀಸಣಿಗೆ ನಿಲ್ಲಿಸಿದ್ದ.

"ಸಂಜೆವರೆಗೆ ಹೊತ್ತಿದೆ," ಅಂದೆ. "ನೀವು ಒಪ್ಪಿದ್ರೆ ಈಗ್ಲೇ ಹೋಗಿ ಬರೋಣ."

"ಮತ್ತೆ ಓಲೆ ಬಿಚ್ಚಿ, ಮತ್ತೆ ಹಾಕ್ಸೋದಾ? ನಾಟಕ ಆಗುತ್ತೆ. ಅಜ್ಜಿಗೆ ಕೈ ಎಷ್ಟು ನಡುಗ್ತಿತ್ತು ಗೊತ್ತಾ?"

"ಬೇಡ. ಓಲೆ ಹಾಕ್ಸೋದು ಬೇಡ. ಸುಮ್ನೆ ಹೋಗೋಣ."

ಮದುಮಗ ಎದ್ದು ಕಾರಿನ ಕೀಲಿ ಹುಡುಕತೊಡಗಿದ. "ನಾನಿನ್ನೂ ಅಜ್ಜೀನ ಗಂಡನಾಗಿ ನೋಡೇ ಇಲ್ಲ," ಅಂದ. ಆಮೇಲೆ ತಾನು ಅಂದದ್ದೇನೆಂದು ಹೊಳೆದು, "ಅಂದ್ರೆ, ಇವಳ ಗಂಡನಾಗಿ," ಅಂದ. ಅವಳು ನಗಲಿಲ್ಲ, ಆದರೆ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದಳು.

ಪೇಪರನ್ನು ನೆಂಟರ ಗುಂಪು ಫೋಟೋಗಳಿಗೆ ಬಿಟ್ಟೆ. ಹೊರಡುವ ಮುನ್ನ ಅವನು ತನ್ನ ಕ್ಯಾಮೆರಾದ ಮೆನು ತೆರೆದು ನನ್ನ ಮೂಗಿನ ಮುಂದೆ ಹಿಡಿದ. ಎರಡಕ್ಕೂ ಒಟ್ಟಿಗೆ ಬರೆಯುವಂತೆ ಬದಲಿಸಿದ್ದ. ನಾನು ಒಂದು ಕ್ಯಾಮೆರಾ, ಮೂವತ್ತೈದರ ಲೆನ್ಸು, ಒಂದು ಬದಲಿ ಬ್ಯಾಟರಿ ತೆಗೆದುಕೊಂಡೆ. ಹೊಸ ಜೋಡಿ ಕಾರ್ಡು ಹಾಕಿ, ಪ್ಲೇ ಒತ್ತಿ ಎರಡೂ ಖಾಲಿ ಎಂದು ನೋಡಿ, ಆಮೇಲೆ ಫಾರ್ಮ್ಯಾಟ್ ಮಾಡಿದೆ.

*

ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು. ಅಜ್ಜಿ ಹೊಸ ಬಟ್ಟೆಯನ್ನೆಲ್ಲ ಬಿಚ್ಚಿಟ್ಟು, ತೊಳೆದು ಬಣ್ಣ ಹೋದ ಅಂಗಿಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಒಂದು ಕೈ ಕೆನ್ನೆಯ ಮೇಲಿತ್ತು. ಮೊಮ್ಮಗಳನ್ನು ನೋಡಿ ಅದನ್ನು ತಟ್ಟನೆ ಇಳಿಸಿದರು.

"ಇಷ್ಟು ಬೇಗ ಜಗಳ ಆಡ್ಕೊಂಡು ಬಂದ್ಬಿಟ್ಯಾ? ಸಂಜೆವರೆಗಾದ್ರೂ ತಡ್ಕೊಳ್ಳೋಕಾಗ್ಲಿಲ್ವಾ?"

"ಇಲ್ಲಜ್ಜಿ. ಇವ್ರನ್ನೂ ಕರ್ಕೊಂಡೇ ಬಂದಿದೀನಿ."

"ಓ, ಜಗಳಾನೂ ಜೊತೇಲೇ ಬಂದಿದೆ. ಬಾಪ್ಪಾ, ಕೂತ್ಕೋ. ಆ ಕುರ್ಚಿ ಬೇಡ, ಕಾಲು ಮುರ್ದಿದೆ."

ಮದುಮಗ ಅರ್ಧ ಕೂತವನು ಎದ್ದ. ಮದುಮಗಳು ಫೋಟೋ ಹೋದ ವಿಷಯ ಹೇಳಿದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆ ಗಡ್ಡದ ಹುಡುಗ ಅಷ್ಟೊತ್ತು ನನ್ನ ನೆಲ ಎಲ್ಲಾ ಗುಡಿಸ್ಕೊಂಡು ತೆಗ್ದ. ಎಲ್ಲಾ ನೀರಲ್ಲಿ ಹೋಮ ಆಯ್ತಾ?"

"ಆಯ್ತು ಅಜ್ಜಿ. ನನ್ನಿಂದ ಆಯ್ತು."

"ನಿನ್ನಿಂದಾನಾ? ಅವನ ಮೇಲೆ ಹಾಕ್ಬೋದಿತ್ತು. ಇಲ್ಲಿಲ್ವಲ್ಲ ಅವನು." ನಗಲು ಹೋಗಿ ಮುಖ ಕಿವುಚಿದರು. ಕೈ ಮತ್ತೆ ಕೆನ್ನೆಗೆ ಹೋಯಿತು.

ಮದುಮಗಳ ಮುಖ ಬದಲಾಯಿತು. ಬೆಳಗಿನಿಂದ ನಾನು ನೋಡದ ಮುಖ.

"ಯಾವ ಕಡೆ?"

"ಯಾವ ಕಡೆನೂ ಇಲ್ಲ. ಕಾಫಿ ಬಿಸಿಯಿತ್ತು."

"ಅಜ್ಜಿ. ಯಾವ ಕಡೆ? ಯಾವಾಗಿಂದ?"

"ಮೊನ್ನೆಯಿಂದ," ಅಜ್ಜಿ ಸಿಕ್ಕಿಬಿದ್ದ ಮಗುವಿನ ಹಾಗೆ ಹೇಳಿದರು. "ಮದುವೆ ಮನೇಲಿ ಹಲ್ಲಿನ ಕತೆ ಯಾಕೆ ಅಂತ ಸುಮ್ನಿದ್ದೆ. ಬೆಳಿಗ್ಗೆ ನೀನು ಬಗ್ಗಿದಾಗ ಎಲ್ಲಿ ಕಂಡುಬಿಡುತ್ತೋ ಅಂತ ಬಾಯಿ ಬಿಗಿಹಿಡ್ಕೊಂಡಿದ್ದೆ."

ಅವಳು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಅಷ್ಟೂ ಉಡುಪನ್ನು ಒಂದೇ ಸೆಳೆತಕ್ಕೆ ಮೊಣಕಾಲಿನ ಮೇಲಕ್ಕೆತ್ತಿ ಮಂಚದ ಮುಂದೆ ನೆಲದ ಮೇಲೆ ಮಂಡಿಯೂರಿದಳು. "ಟಾರ್ಚು," ಅಂದಳು, ಯಾರನ್ನೂ ನೋಡದೆ. ಮದುಮಗ ಫೋನಿನ ಬೆಳಕು ಹಚ್ಚಿ ಬಗ್ಗಿದ. "ಅಲ್ಲಲ್ಲ, ಮೇಲಿಂದ. ಇನ್ನೂ ಈ ಕಡೆ. ಕೈ ಅಲ್ಲಾಡಿಸ್ಬೇಡಿ." ಹೊಸ ಗಂಡನಿಗೆ ಅದು ಮೊದಲ ಆಜ್ಞೆಯಿರಬೇಕು. ಅವನು ಉಸಿರು ಹಿಡಿದು ನಿಂತ.

"ಆ ಅನ್ನಿ."

"ಆಕೆ ಅಲ್ಲಿ ಕ್ಯಾಮೆರಾ ಮಿಷನ್ ಹಿಡ್ಕೊಂಡು..."

"ಆ ಅನ್ನಿ, ಅಜ್ಜಿ."

ಅಜ್ಜಿ ಬಾಯಿ ತೆರೆದರು. ಮೊಮ್ಮಗಳ ಬಲಗೈಯ ಎರಡು ಬೆರಳು ಕೆನ್ನೆಯನ್ನು ಒಳಗಿನಿಂದ ಮೆತ್ತಗೆ ಸರಿಸಿದವು. ಎಡಗೈ ನೆತ್ತಿಯ ಹಿಂದೆ ಆತುಕೊಂಡಿತ್ತು, ಮಗುವಿಗೆ ಸ್ನಾನ ಮಾಡಿಸುವಾಗ ಹಿಡಿಯುವಂತೆ. ಕಿಟಕಿಯ ಬೆಳಕು ಒಂದು ಬದಿಯಿಂದ, ಫೋನಿನದು ಮೇಲಿನಿಂದ. ಅವಳ ಓಲೆ ಮುಂದಕ್ಕೆ ತೂಗಿ ಅಜ್ಜಿಯ ಗಲ್ಲಕ್ಕೆ ತಾಗುತ್ತಿತ್ತು. ನಾನು ಮಂಚದ ಕಾಲಿನ ಕಡೆ ಕೂತು ತೆಗೆದೆ. ಸದ್ದಿಲ್ಲದ ಶಟರಿಗೆ ಹಾಕಿದ್ದೆ. ಅಜ್ಜಿಯ ಕಣ್ಣು ಮಾತ್ರ ಒಮ್ಮೆ ನನ್ನ ಕಡೆ ಹೊರಳಿತು, ಬೈಯಲು ಬಾಯಿಗೆ ಬಿಡುವಿಲ್ಲದ ಸಿಟ್ಟಿನಲ್ಲಿ. ಅದನ್ನೂ ತೆಗೆದೆ.

"ಹಲ್ಲು ಸೀಳಿದೆ," ಮದುಮಗಳು ಬೆರಳು ಹೊರತೆಗೆದು ಹೇಳಿದಳು. "ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲಿವರೆಗೆ ಆ ಕಡೆಯಿಂದ ಅಗೀಬೇಡಿ. ಮಾತ್ರೆ ತರಿಸ್ತೀನಿ."

"ನಾಳೆ ನೀವಿಬ್ರೂ ಎಲ್ಲಿಗೋ ಹೋಗೋರಲ್ವಾ?"

"ನಾಡಿದ್ದು ಹೋಗ್ತೀವಿ," ಅಂದ ಮದುಮಗ. ಟಾರ್ಚು ಇನ್ನೂ ಹಿಡಿದೇ ನಿಂತಿದ್ದ.

ಅಜ್ಜಿ ಅವನನ್ನು ಒಂದು ಗಳಿಗೆ ನೋಡಿದರು. "ಹೂಂ," ಅಂದರು. "ಬೆಳಕು ಪರವಾಗಿಲ್ಲ, ಚೆನ್ನಾಗಿ ಹಿಡೀತಾನೆ." ಆಮೇಲೆ ನನ್ನ ಕಡೆ ತಿರುಗಿ, "ನೋಡಮ್ಮಾ, ಬಾಯಿ ತೆರೆದಿರೋದನ್ನ ಗೋಡೆಗೆ ಹಾಕಿದ್ರೆ ನಾನು ಆ ಮನೆಗೆ ಕಾಲಿಡಲ್ಲ."

"ಮೆಟ್ಟಿಲೇ ಇಳಿಯಲ್ಲ, ಇನ್ನು ಕಾಲಿಡೋದೆಲ್ಲಿ," ಅಂದಳು ಮೊಮ್ಮಗಳು. ಈಗ ನಕ್ಕಳು.

ಹೊರಡುವಾಗ ಕ್ಯಾಮೆರಾದ ಪರದೆಯಲ್ಲಿ ಅವಳಿಗೆ ತೋರಿಸಿದೆ. ಮೊದಲು ಒಂದು ಕಾರ್ಡಿನಿಂದ, ಆಮೇಲೆ ಅವೇ ಚಿತ್ರಗಳನ್ನು ಎರಡನೆಯದರಿಂದ. ಅವಳು ಎರಡು ಸಲವೂ ಪೂರ್ತಿ ನೋಡಿದಳು. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಇದು ತುಂಬಾ ಚೆನ್ನಾಗಿದೆ ಅಕ್ಕಾ. ಆದ್ರೂ ಬೆಳಿಗ್ಗೆದು ಬೇಕಿತ್ತು."

"ಹೌದು," ಅಂದೆ. "ಬೇಕಿತ್ತು."

ಮದುಮಗ ಗಾಡಿ ಶುರು ಮಾಡಿದ. ಔಷಧಿ ಅಂಗಡಿ ಎಲ್ಲಿದೆಯೆಂದು ಅವಳು ದಾರಿ ಹೇಳತೊಡಗಿದಳು.